ಡಬ್ಬಿ ನಿಜಕ್ಕೂ ಎಷ್ಟಕ್ಕೆ ಬಿತ್ತು?

ಬೆಂಗಳೂರಿನ ಎಸ್‌.ಜೆ.ಪಿ. ರಸ್ತೆಯ ಹಾರ್ಡ್‌ವೇರ್ ಅಂಗಡಿಗಳಲ್ಲಿ ಚೀನಾದ ಮಾಲು ಹೊಸದೇನಲ್ಲ. ಮೊದಲು ಮುಂಬೈ, ಚೆನ್ನೈನ ದೊಡ್ಡ ಆಮದುದಾರರಿಂದ ಸಗಟಾಗಿ ಕೊಳ್ಳುತ್ತಿದ್ದ ಎಷ್ಟೋ ವರ್ತಕರು ಈಗ ತಾವೇ ನೇರವಾಗಿ ಕಂಟೇನರ್ ತರಿಸುತ್ತಾರೆ. ಪರವಾನಗಿ, ಬ್ಯಾಂಕು, ಹಡಗು, ಕಸ್ಟಮ್ಸ್ ಎಲ್ಲವನ್ನೂ ದಾಟಿ ಮಾಲು ಗೋದಾಮಿಗೆ ಬಂದು ಬೀಳುತ್ತದೆ. ಬಿಲ್ಲುಗಳೆಲ್ಲ ಒಂದು ಫೈಲಿಗೆ ಸೇರುತ್ತವೆ. ಆಮೇಲೆ ಒಂದು ಪ್ರಶ್ನೆ ಉಳಿಯುತ್ತದೆ: ಇದರಲ್ಲಿ ಒಂದೊಂದು ಮಾಲೂ ನಮಗೆ ಎಷ್ಟಕ್ಕೆ ಬಿತ್ತು?

ಒಂದೇ ಬಗೆಯ ಮಾಲು ತರಿಸಿದವರಿಗೆ ಇದು ಸುಲಭ. ಖರ್ಚೆಲ್ಲ ಕೂಡಿ, ನಗಗಳ ಸಂಖ್ಯೆಯಿಂದ ಭಾಗಿಸಿದರೆ ಮುಗಿಯಿತು. ಆದರೆ ಒಂದೇ ಕಂಟೇನರಿನಲ್ಲಿ ಹತ್ತು ಬಗೆಯ ಮಾಲು ಬಂದಾಗ ಹಡಗಿನ ಬಾಡಿಗೆಯ ಬಿಲ್ಲು ಮಾತ್ರ ಒಂದೇ. ಲಾರಿಯ ಬಿಲ್ಲೂ ಒಂದೇ. ಅದನ್ನು ಹತ್ತು ಮಾಲಿಗೆ ಹೇಗೆ ಹಂಚಬೇಕು? ಬಹಳ ಮಂದಿ ಮಾಡುವುದು ಇಷ್ಟೇ: ಮೇಲಿನ ಖರ್ಚು, ಸುಂಕ ಎಲ್ಲವನ್ನೂ ಒಟ್ಟು ಕೂಡಿ, ಅದು ಮಾಲಿನ ಬೆಲೆಯ ಶೇಕಡ ಎಷ್ಟು ಎಂದು ನೋಡಿ, ಪ್ರತಿ ಮಾಲಿನ ಮೇಲೂ ಅಷ್ಟೇ ಶೇಕಡ ಏರಿಸುವುದು. ಒಟ್ಟು ಮೊತ್ತಕ್ಕೆ ಈ ಲೆಕ್ಕ ತಾಳೆಯಾಗುತ್ತದೆ, ಒಂದು ರೂಪಾಯಿಯೂ ಆಚೀಚೆ ಆಗುವುದಿಲ್ಲ. ಹಾಗಾಗಿಯೇ ಒಳಗಿನ ತಪ್ಪು ಕಣ್ಣಿಗೆ ಬೀಳುವುದಿಲ್ಲ.

ಒಂದು ಕಂಟೇನರಿನ ಲೆಕ್ಕ

ಉದಾಹರಣೆಗೆ ಒಂದು ಕಂಟೇನರ್ ತೆಗೆದುಕೊಳ್ಳೋಣ. ಚೀನಾದ ನಿಂಗ್ಬೋ ಬಂದರಿನಿಂದ ಚೆನ್ನೈಗೆ ಬಂದು, ಅಲ್ಲೇ ಕಸ್ಟಮ್ಸ್ ಮುಗಿಸಿ, ಲಾರಿಯಲ್ಲಿ ಬೆಂಗಳೂರಿಗೆ ಬಂದ 20 ಅಡಿಯ ಕಂಟೇನರ್. ಒಳಗೆ ಮೂರು ಬಗೆಯ ಮಾಲು. ಲೆಕ್ಕ ಹಿಡಿಯಲು ಸುಲಭವಾಗಲೆಂದು ಡಾಲರಿಗೆ 90 ರೂಪಾಯಿ ಎಂದಿಟ್ಟುಕೊಳ್ಳೋಣ. ಮುಂದೆ ಬರುವ ಸುಂಕದ ದರ, ಖರ್ಚಿನ ಮೊತ್ತಗಳೂ ಉದಾಹರಣೆಗೆ ಹಿಡಿದವೇ. ನಿಜವಾದ ದರವನ್ನು ಆಯಾ ಮಾಲಿನ ಎಚ್‌ಎಸ್ ಕೋಡ್ ನೋಡಿ, ಆ ದಿನದ ಅಧಿಸೂಚನೆಯಲ್ಲೇ ತಿಳಿಯಬೇಕು.

ಮೊದಲನೆಯದು ಸ್ಪ್ಯಾನರ್ ಸೆಟ್. 2,000 ಸೆಟ್, ತಲಾ 6 ಡಾಲರ್, ಅಂದರೆ 540 ರೂಪಾಯಿ. ಉಕ್ಕಿನ ಮಾಲಾದ್ದರಿಂದ ತೂಕ 5 ಟನ್ ಇದ್ದರೂ ಹಿಡಿಸಿದ ಜಾಗ 4 ಘನ ಮೀಟರ್ ಮಾತ್ರ.

ಎರಡನೆಯದು ಮೆಕ್ಯಾನಿಕ್‌ಗಳು ಉಪಕರಣ ಇಟ್ಟುಕೊಂಡು ಓಡಾಡುವ ಪ್ಲಾಸ್ಟಿಕ್ ಟೂಲ್ ಬಾಕ್ಸ್, ಅಂದರೆ ಖಾಲಿ ಡಬ್ಬಿ. ಇದೂ 2,000, ತಲಾ ಎರಡೂವರೆ ಡಾಲರ್, ಅಂದರೆ 225 ರೂಪಾಯಿ. ತೂಕ 2 ಟನ್. ಆದರೆ ಜಾಗ 20 ಘನ ಮೀಟರ್.

ಮೂರನೆಯದು ಲೇತ್ ಕೆಲಸಗಾರರು ಅಳತೆಗೆ ಬಳಸುವ ಡಿಜಿಟಲ್ ಕ್ಯಾಲಿಪರ್. 1,000 ನಗ, ತಲಾ 8 ಡಾಲರ್, ಅಂದರೆ 720 ರೂಪಾಯಿ. ತೂಕ ಅರ್ಧ ಟನ್, ಜಾಗ 1 ಘನ ಮೀಟರ್.

ಮೂರೂ ಸೇರಿ ಚೀನಾದ ಬಂದರಿನಲ್ಲಿ ಹಡಗಿಗೇರಿಸುವವರೆಗಿನ ಬೆಲೆ, ಅಂದರೆ ಎಫ್‌ಒಬಿ ಬೆಲೆ, 22,50,000 ರೂಪಾಯಿ. ಹಿಡಿಸಿದ ಜಾಗ 25 ಘನ ಮೀಟರ್.

ಇನ್ನು ಮೇಲಿನ ಖರ್ಚು. ಹಡಗಿನ ಬಾಡಿಗೆ 1,08,000. ಚೆನ್ನೈನಲ್ಲಿ ಹಡಗು ಕಂಪನಿಯ ಸ್ಥಳೀಯ ಶುಲ್ಕ ಮತ್ತು ಕಂಟೇನರ್ ಇಳಿಸಿಟ್ಟ ಯಾರ್ಡಿನ ಶುಲ್ಕ ಸೇರಿ 47,000. ಬೆಂಗಳೂರಿನವರೆಗೆ ಲಾರಿ ಮತ್ತು ಹಮಾಲಿ 45,000. ವಿಮೆ 4,500, ಕಸ್ಟಮ್ಸ್ ಕೆಲಸ ಮಾಡಿಕೊಟ್ಟ ಏಜೆಂಟರ ಫೀ 13,500, ಬ್ಯಾಂಕಿನ ಶುಲ್ಕ 4,500. ಕಸ್ಟಮ್ಸ್ ಸುಂಕ 2,65,073. ಇದು ಹೇಗೆ ಬಂತೆಂಬುದನ್ನು ಆಮೇಲೆ ನೋಡೋಣ. ಎಲ್ಲ ಸೇರಿ 4,87,573 ರೂಪಾಯಿ.

ರೂಢಿಯ ಲೆಕ್ಕದಲ್ಲಿ ಇದು ಮಾಲಿನ ಬೆಲೆಯ ಶೇ. 21.67. ಪ್ರತಿ ಮಾಲಿನ ಮೇಲೂ ಇಷ್ಟನ್ನೇ ಏರಿಸಿದರೆ ಸ್ಪ್ಯಾನರ್ ಸೆಟ್ಟಿನ ಅಸಲು 657 ರೂಪಾಯಿ, ಡಬ್ಬಿಯದು 274, ಕ್ಯಾಲಿಪರಿನದು 876 ಆಗುತ್ತದೆ. ವರ್ತಕರು ಈ ಅಂಕಿಯನ್ನು ನಂಬಿ ಡಬ್ಬಿಯನ್ನು 340 ರೂಪಾಯಿಗೆ ಡೀಲರುಗಳಿಗೆ ಕೊಡುತ್ತಾರೆ. ಒಂದಕ್ಕೆ 66 ರೂಪಾಯಿ ಉಳಿಯಿತು ಎಂದು ಅವರ ಲೆಕ್ಕ. ಡಬ್ಬಿ ಬಿಸಿಬಿಸಿಯಾಗಿ ಮಾರಾಟವಾಗುತ್ತದೆ. ಕ್ಯಾಲಿಪರ್ ಮಾತ್ರ ಕದಲುವುದಿಲ್ಲ, ಏಕೆಂದರೆ ಅದೇ ಮಾಲನ್ನು ಪಕ್ಕದ ಅಂಗಡಿಯವರು 870ಕ್ಕೇ ಕೊಡುತ್ತಿದ್ದಾರೆ. ನಮ್ಮ ಅಸಲಿಗಿಂತ ಕಡಿಮೆಗೆ ಅವರಿಗೆ ಹೇಗೆ ಗಿಟ್ಟುತ್ತದೆ ಎಂಬುದು ಇವರಿಗೆ ಬಗೆಹರಿಯದ ಒಗಟು.

ಬಾಡಿಗೆ ಕಟ್ಟಿಸಿದ್ದು ಯಾರು?

ಹಡಗು ಕಂಪನಿ ಬಾಡಿಗೆ ಹಾಕುವಾಗ ಒಳಗಿರುವ ಮಾಲಿನ ಬೆಲೆ ಕೇಳುವುದಿಲ್ಲ. ಅದು ಮಾರುವುದು ಜಾಗವನ್ನು. 20 ಅಡಿಯ ಕಂಟೇನರಿನ ಒಳಗಿನ ಅಳತೆ ಸುಮಾರು 33 ಘನ ಮೀಟರ್ ಇದ್ದರೂ, ಪೆಟ್ಟಿಗೆಗಳ ನಡುವಿನ ಸಂದುಗಳಿಂದಾಗಿ ನಿಜಕ್ಕೂ ತುಂಬುವುದು 28ರ ಆಸುಪಾಸು. ನಮ್ಮ ಕಂಟೇನರಿನಲ್ಲಿ 25 ತುಂಬಿದೆ. ತೂಕವೋ ಏಳೂವರೆ ಟನ್, ಕಂಟೇನರಿನ ತಾಕತ್ತಿಗೆ ಇದು ಏನೂ ಅಲ್ಲ. ಅಂದರೆ ಇಲ್ಲಿ ಮೊದಲು ಮುಗಿದದ್ದು ಜಾಗ. ಆ ಜಾಗದಲ್ಲಿ ಐದರಲ್ಲಿ ನಾಲ್ಕು ಪಾಲನ್ನು ನುಂಗಿದ್ದು ಖಾಲಿ ಡಬ್ಬಿಗಳು. ಆದರೆ ಬೆಲೆಗೆ ತಕ್ಕಂತೆ ಹಂಚಿದಾಗ ಅವುಗಳ ತಲೆಗೆ ಬಿದ್ದದ್ದು ಬಾಡಿಗೆಯ ಐದರಲ್ಲಿ ಒಂದು ಪಾಲು ಮಾತ್ರ. ಉಳಿದದ್ದನ್ನು ಸ್ಪ್ಯಾನರೂ ಕ್ಯಾಲಿಪರೂ ಹೊತ್ತವು.

ಆದ್ದರಿಂದ ಮೊದಲ ಕೆಲಸ, ಖರ್ಚುಗಳನ್ನು ಅವು ಹುಟ್ಟಿದ ಕಾರಣಕ್ಕೆ ತಕ್ಕಂತೆ ಬೇರೆಬೇರೆ ಗಂಟು ಕಟ್ಟುವುದು. ಹಡಗಿನ ಬಾಡಿಗೆ, ಬಂದರು ಮತ್ತು ಯಾರ್ಡಿನ ಶುಲ್ಕ, ಲಾರಿ, ಹಮಾಲಿ ಇವೆಲ್ಲ ಜಾಗದಿಂದ ಹುಟ್ಟಿದವು. ಒಟ್ಟು 2,00,000 ರೂಪಾಯಿ. ತುಂಬಿದ 25 ಘನ ಮೀಟರಿನಿಂದ ಭಾಗಿಸಿದರೆ ಘನ ಮೀಟರಿಗೆ 8,000. ಕಂಟೇನರಿನ ಪೂರ್ಣ ಅಳತೆ 33ರಿಂದ ಭಾಗಿಸಬಾರದು. ಹಾಗೆ ಮಾಡಿದರೆ ಖಾಲಿ ಜಾಗದ ಪಾಲಿಗೆ ಬಂದ ಬಾಡಿಗೆ ಯಾವ ಮಾಲಿನ ಲೆಕ್ಕಕ್ಕೂ ಸೇರದೆ ನಡುವೆ ಉಳಿದುಬಿಡುತ್ತದೆ.

ವಿಮೆ ನಿಂತಿರುವುದು ಮಾಲಿನ ಬೆಲೆಯ ಮೇಲೆ. ಬ್ಯಾಂಕಿನ ಶುಲ್ಕವೂ ಹೆಚ್ಚುಕಡಿಮೆ ಹಾಗೆಯೇ. ಏಜೆಂಟರ ಫೀ ಇಡೀ ಕಂಟೇನರಿನ ಕಾಗದಪತ್ರಕ್ಕೆ ಕೊಟ್ಟದ್ದು, ಅದಕ್ಕೆ ಜಾಗದ ಹಂಗಿಲ್ಲ. ಇವನ್ನು ಬೆಲೆಗೆ ತಕ್ಕಂತೆ ಹಂಚಿದರೆ ಸಾಕು. ಮೊತ್ತ 22,500, ಮಾಲಿನ ಬೆಲೆಯ ಶೇ. 1.

ಜಾಗದ ಅಂಕಿ ಎಲ್ಲಿ ಸಿಗುತ್ತದೆ? ಇನ್‌ವಾಯ್ಸ್‌ನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅದರ ಜತೆ ಬರುವ ಪ್ಯಾಕಿಂಗ್ ಲಿಸ್ಟಿನಲ್ಲಿ ಇರುತ್ತದೆ. ಯಾವ ಮಾಲಿಗೆ ಎಷ್ಟು ಕಾರ್ಟನ್, ಒಂದು ಕಾರ್ಟನ್ನಿನ ಉದ್ದ ಅಗಲ ಎತ್ತರ ಎಷ್ಟು, ನಿವ್ವಳ ತೂಕ ಮತ್ತು ಒಟ್ಟು ತೂಕ ಎಷ್ಟು ಎಂಬುದೆಲ್ಲ ಅಲ್ಲಿ ಸಾಲುಸಾಲಾಗಿ ಇರಬೇಕು. ಕೆಲವು ಮಾರಾಟಗಾರರು ಇಡೀ ಕಂಟೇನರಿಗೆ ಒಂದೇ ಮೊತ್ತ ಬರೆದು ಕೈತೊಳೆದುಕೊಳ್ಳುತ್ತಾರೆ. ಆಗ ಮಾಲು ಇಳಿಸುವ ದಿನ ಒಂದೊಂದು ಬಗೆಯ ಒಂದು ಕಾರ್ಟನ್ನಿಗೆ ಟೇಪು ಹಿಡಿದು ಅಳೆದು, ಕಾರ್ಟನ್ನುಗಳ ಸಂಖ್ಯೆಯಿಂದ ಗುಣಿಸಬೇಕು. ಬಂದ ಮೊತ್ತ ಬಿಲ್ ಆಫ್ ಲೇಡಿಂಗಿನಲ್ಲಿರುವ ಒಟ್ಟು ಅಳತೆಗೆ ಹತ್ತಿರವಿದ್ದರೆ ಅಳತೆ ಸರಿಯಿದೆ ಎಂದರ್ಥ.

ಎಲ್ಲ ಕಡೆಯೂ ಜಾಗವೇ ಅಳತೆಗೋಲು ಎಂದಲ್ಲ. ಕಂಟೇನರಿನ ತುಂಬ ನೆಲದ ಟೈಲ್ಸ್ ತರಿಸಿದರೆ ಅರ್ಧ ತುಂಬುವಷ್ಟರಲ್ಲೇ ತೂಕದ ಮಿತಿ ಮುಟ್ಟಿರುತ್ತದೆ. ಅಲ್ಲಿ ತೂಕದ ಮೇಲೆ ಹಂಚಬೇಕು. ಬೇರೆಯವರ ಮಾಲಿನ ಜತೆ ಕಂಟೇನರಿನ ಒಂದು ಪಾಲನ್ನಷ್ಟೇ ಪಡೆಯುವ ಎಲ್‌ಸಿಎಲ್ ಸಾಗಣೆಯಲ್ಲಿ ಸಾಮಾನ್ಯವಾಗಿ ಒಂದು ಘನ ಮೀಟರ್ ಅಥವಾ ಒಂದು ಟನ್, ಯಾವುದು ಹೆಚ್ಚೋ ಅದರ ಮೇಲೆ ಬಾಡಿಗೆ. ವಿಮಾನದಲ್ಲಾದರೆ 6,000 ಘನ ಸೆಂಟಿಮೀಟರಿಗೆ ಒಂದು ಕಿಲೋ ಎಂದು ಜಾಗವನ್ನೇ ತೂಕಕ್ಕೆ ಪರಿವರ್ತಿಸಿ, ಅದಕ್ಕೂ ನಿಜವಾದ ತೂಕಕ್ಕೂ ಹೋಲಿಸಿ, ಹೆಚ್ಚಿನದಕ್ಕೆ ಹಣ ಪಡೆಯುವುದು ರೂಢಿ. ಇದಕ್ಕೆಲ್ಲ ಬೇರೆ ಬೇರೆ ಸೂತ್ರ ನೆನಪಿಟ್ಟುಕೊಳ್ಳಬೇಕಾಗಿಲ್ಲ. ಬಾಡಿಗೆಯ ಬಿಲ್ಲನ್ನು ಯಾವ ಅಳತೆಯ ಮೇಲೆ ಹಾಕಿದ್ದಾರೋ ಅದೇ ಅಳತೆಯ ಮೇಲೆ ಹಂಚಿದರಾಯಿತು.

ಸುಂಕವನ್ನು ಹಂಚುವುದೇ ಬೇಡ

ರೂಢಿಯ ಲೆಕ್ಕದ ಇನ್ನೊಂದು ತಪ್ಪು ಸುಂಕವನ್ನೂ ಅದೇ ಗಂಟಿಗೆ ಸೇರಿಸಿ ಹಂಚುವುದು. ಸುಂಕ ಇಡೀ ಕಂಟೇನರಿಗೆ ಬೀಳುವುದಿಲ್ಲ, ಸಾಲಿಗೆ ಬೀಳುತ್ತದೆ. ಕಸ್ಟಮ್ಸ್‌ಗೆ ಸಲ್ಲಿಸುವ ಬಿಲ್ ಆಫ್ ಎಂಟ್ರಿಯಲ್ಲಿ ಪ್ರತಿ ಮಾಲಿಗೂ ಅದರದೇ ಎಚ್‌ಎಸ್ ಕೋಡ್, ಅದರದೇ ದರ, ಅದರದೇ ಸುಂಕ ಸ್ಪಷ್ಟವಾಗಿ ಅಚ್ಚಾಗಿರುತ್ತದೆ. ಅದನ್ನು ನೋಡಿ ಆಯಾ ಮಾಲಿನ ಮುಂದೆ ಬರೆದುಕೊಳ್ಳುವುದಷ್ಟೇ ಕೆಲಸ. ಬಹಳ ಕಡೆ ಹೀಗಾಗದಿರಲು ಒಂದು ಕಾರಣವಿದೆ. ಅಕೌಂಟೆಂಟ್ ಕೈಗೆ ಸಿಗುವುದು ಒಟ್ಟು ಮೊತ್ತದ ಸುಂಕದ ಚಲನ್. ಬಿಲ್ ಆಫ್ ಎಂಟ್ರಿಯ ಒಳಪುಟಗಳು ಏಜೆಂಟರ ಫೈಲಿನಲ್ಲೇ ಉಳಿದುಬಿಡುತ್ತವೆ.

ನಮ್ಮ ಉದಾಹರಣೆಯಲ್ಲಿ ಸ್ಪ್ಯಾನರಿಗೆ ಮೂಲ ಸುಂಕ ಶೇ. 10, ಡಬ್ಬಿಗೆ ಶೇ. 15, ಕ್ಯಾಲಿಪರಿಗೆ ಶೇ. 7.5 ಎಂದು ಹಿಡಿದಿದ್ದೇನೆ. ಆ ಸುಂಕದ ಮೇಲೆ ಶೇ. 10ರಷ್ಟು ಸಮಾಜ ಕಲ್ಯಾಣ ಮೇಲ್ತೆರಿಗೆ ಇದೆ. 2018ರ ಬಜೆಟ್ಟಿನಲ್ಲಿ ಶಿಕ್ಷಣ ಸೆಸ್ಸಿನ ಬದಲಿಗೆ ಬಂದದ್ದು ಇದು. ಸುಂಕ ಬೀಳುವುದು ಎಫ್‌ಒಬಿ ಬೆಲೆಯ ಮೇಲಲ್ಲ. ಅದಕ್ಕೆ ಭಾರತದ ಬಂದರಿನವರೆಗಿನ ಹಡಗಿನ ಬಾಡಿಗೆ ಮತ್ತು ವಿಮೆಯನ್ನು ಕೂಡಿಸಿದ ಸಿಐಎಫ್ ಬೆಲೆಯ ಮೇಲೆ. ಚೆನ್ನೈನಿಂದ ಬೆಂಗಳೂರಿಗೆ ಬಂದ ಲಾರಿ ಬಾಡಿಗೆ ಇದರಲ್ಲಿ ಸೇರುವುದಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ಇನ್‌ವಾಯ್ಸ್ ಒಟ್ಟಿಗೆ ತೋರಿಸಿದ ಬಾಡಿಗೆಯನ್ನೂ ವಿಮೆಯನ್ನೂ ಕಸ್ಟಮ್ಸ್ ವ್ಯವಸ್ಥೆ ಸಾಲುಗಳಿಗೆ ಹಂಚುವುದು ಬೆಲೆಗೆ ತಕ್ಕಂತೆ. ನಮ್ಮಲ್ಲಿ ಬಾಡಿಗೆ, ವಿಮೆ ಸೇರಿ 1,12,500, ಅಂದರೆ ಬೆಲೆಯ ಶೇ. 5. ಹಾಗಾಗಿ ಕಸ್ಟಮ್ಸ್ ಲೆಕ್ಕದಲ್ಲಿ ಪ್ರತಿ ಸಾಲಿನ ಬೆಲೆಯೂ ಶೇ. 5ರಷ್ಟೇ ಏರುತ್ತದೆ. ಡಬ್ಬಿ ಎಷ್ಟು ಜಾಗ ತಿಂದಿದೆ ಎಂಬುದು ಅವರಿಗೆ ಬೇಕಿಲ್ಲ. ನಾವು ನಮ್ಮ ಲೆಕ್ಕದಲ್ಲಿ ಬಾಡಿಗೆಯನ್ನು ಜಾಗದ ಮೇಲೆ ಹಂಚಿದ ಮಾತ್ರಕ್ಕೆ ಸುಂಕವನ್ನು ಹೊಸದಾಗಿ ಲೆಕ್ಕಹಾಕಲು ಹೋಗಬಾರದು. ಕಟ್ಟಿದ ಸುಂಕ ಕಟ್ಟಿದಷ್ಟೇ. ಒಂದೇ ಬಾಡಿಗೆ ಕಸ್ಟಮ್ಸ್ ಕಾಗದದಲ್ಲಿ ಒಂದು ರೀತಿ, ನಮ್ಮ ದಾಸ್ತಾನು ಪುಸ್ತಕದಲ್ಲಿ ಇನ್ನೊಂದು ರೀತಿ ಹಂಚಿಕೆಯಾಗಿರುತ್ತದೆ. ಎರಡೂ ಅವವುಗಳ ಜಾಗದಲ್ಲಿ ಸರಿಯೇ.

ಹಾಗೆ ನೋಡಿದರೆ ಸ್ಪ್ಯಾನರಿನ ಕಸ್ಟಮ್ಸ್ ಬೆಲೆ 11,34,000, ಸುಂಕ ಮತ್ತು ಮೇಲ್ತೆರಿಗೆ 1,24,740. ಡಬ್ಬಿಯದು 4,72,500ಕ್ಕೆ 77,963. ಕ್ಯಾಲಿಪರಿನದು 7,56,000ಕ್ಕೆ 62,370. ಮೂರೂ ಸೇರಿದರೆ ಮೇಲೆ ಹೇಳಿದ 2,65,073. ಮುಂದೊಂದು ದಿನ ಯಾವುದೋ ಒಂದು ಮಾಲಿನ ಮೇಲೆ ಆಂಟಿ ಡಂಪಿಂಗ್ ಸುಂಕ ಬಿದ್ದರೆ, ಅದು ಆ ಸಾಲಿನ ತಲೆಗೇ ಹೋಗಬೇಕು. ಒಟ್ಟು ಗಂಟಿಗೆ ಸೇರಿಸುವವರ ಲೆಕ್ಕದಲ್ಲಿ ತಪ್ಪು ಮಾಡದ ಮಾಲುಗಳೂ ಅದರ ದಂಡ ತೆರುತ್ತವೆ.

ಇನ್ನು ಐಜಿಎಸ್‌ಟಿ. ಬಂದರಿನಲ್ಲಿ ಕೈಯಿಂದ ಹೋಗುವ ಹಣದಲ್ಲಿ ದೊಡ್ಡ ಪಾಲು ಇದರದ್ದೇ. ಶೇ. 18ರಂತೆ ನಮ್ಮ ಕಂಟೇನರಿಗೆ 4,72,963 ರೂಪಾಯಿ. ಆದರೆ ಸಾಮಾನ್ಯ ಜಿಎಸ್‌ಟಿ ನೋಂದಣಿ ಇರುವ ವರ್ತಕರು ಇದನ್ನು ಕ್ರೆಡಿಟ್ ಆಗಿ ವಾಪಸು ಪಡೆಯುತ್ತಾರಾದ್ದರಿಂದ ಇದು ಅಸಲಿಗೆ ಸೇರುವುದಿಲ್ಲ. ಲಾರಿ, ಯಾರ್ಡು, ಏಜೆಂಟರ ಬಿಲ್ಲಿನಲ್ಲಿರುವ ಜಿಎಸ್‌ಟಿಯನ್ನೂ ಹಾಗೆಯೇ ಹೊರಗಿಟ್ಟು ಉಳಿದದ್ದನ್ನು ಮಾತ್ರ ಹಿಡಿಯಬೇಕು. ಭಾರತದ ಲೆಕ್ಕಪತ್ರ ಮಾನದಂಡ ಎಎಸ್ 2 ಹೇಳುವುದೂ ಇದನ್ನೇ: ವಾಪಸು ಬರುವ ತೆರಿಗೆ ದಾಸ್ತಾನಿನ ಬೆಲೆಗೆ ಸೇರದು, ವಾಪಸು ಬಾರದ ಸುಂಕವೂ ಸಾಗಣೆ ವೆಚ್ಚವೂ ಸೇರಬೇಕು. ಕಾಂಪೊಸಿಷನ್ ಪದ್ಧತಿಯಲ್ಲಿರುವವರಿಗೆ ಕ್ರೆಡಿಟ್ ಇಲ್ಲ. ಅವರಿಗೆ ಐಜಿಎಸ್‌ಟಿಯೂ ಅಸಲೇ.

ಕೂಡಿ ನೋಡಿದಾಗ

ಈಗ ಮೂರು ಸಾಲನ್ನೂ ಸೇರಿಸೋಣ.

| ಬಾಬ್ತು (ರೂ.) | ಸ್ಪ್ಯಾನರ್ | ಡಬ್ಬಿ | ಕ್ಯಾಲಿಪರ್ |
|---|---|---|---|
| ಮಾಲಿನ ಬೆಲೆ | 10,80,000 | 4,50,000 | 7,20,000 |
| ಜಾಗದ ಖರ್ಚು | 32,000 | 1,60,000 | 8,000 |
| ಬೆಲೆಯ ಖರ್ಚು | 10,800 | 4,500 | 7,200 |
| ಸುಂಕ | 1,24,740 | 77,963 | 62,370 |
| ಒಟ್ಟು | 12,47,540 | 6,92,463 | 7,97,570 |
| ಒಂದರ ಅಸಲು | 623.77 | 346.23 | 797.57 |

ಒಟ್ಟು ಮೊತ್ತ ಮೊದಲಿನಷ್ಟೇ, 27,37,573. ಆದರೆ 274 ಎಂದುಕೊಂಡಿದ್ದ ಡಬ್ಬಿಯ ಅಸಲು 346 ಆಗಿದೆ. 340ಕ್ಕೆ ಮಾರಿದ ಒಂದೊಂದು ಡಬ್ಬಿಯಲ್ಲೂ 6 ರೂಪಾಯಿ ಕೈಬಿಟ್ಟು ಹೋಗಿದೆ. ಅದು ಅಷ್ಟು ಬೇಗ ಮಾರಾಟವಾದದ್ದು ಯಾಕೆಂದು ಈಗ ಗೊತ್ತಾಗುತ್ತದೆ. ಇತ್ತ 876 ಎಂದುಕೊಂಡಿದ್ದ ಕ್ಯಾಲಿಪರಿನ ಅಸಲು 798. ಪಕ್ಕದ ಅಂಗಡಿಯವರು 870ಕ್ಕೆ ಕೊಟ್ಟು ಲಾಭವನ್ನೇ ಮಾಡುತ್ತಿದ್ದರು. ನಮ್ಮವರೂ ಹಾಗೆ ಕೊಡಬಹುದಿತ್ತು.

ಈ ತಪ್ಪು ವರ್ಷದ ಕೊನೆಯ ಲಾಭನಷ್ಟದ ಪಟ್ಟಿಯಲ್ಲಿ ಸುಲಭಕ್ಕೆ ಕಾಣುವುದಿಲ್ಲ. ಎಲ್ಲ ಮಾಲೂ ಮಾರಿಹೋಗಿದ್ದರೆ ಒಟ್ಟು ಲಾಭದ ಅಂಕಿ ಯಾವ ಹಂಚಿಕೆಯಲ್ಲೂ ಒಂದೇ. ತಪ್ಪು ತೋರುವುದು ಬೇರೆ ಕಡೆ: ಬೆಲೆ ಕಡಿಮೆಯಾಗಿ ಬೃಹತ್ತಾಗಿರುವ ಮಾಲು ಸದಾ ಬೇಗ ಖಾಲಿಯಾಗುತ್ತದೆ, ಚಿಕ್ಕದಾಗಿ ದುಬಾರಿಯಾದದ್ದು ಗೋದಾಮಿನಲ್ಲಿ ಕೂರುತ್ತದೆ, ವ್ಯಾಪಾರ ಏರಿದರೂ ಲಾಭ ಏರುವುದಿಲ್ಲ. ಈ ಮೂರೂ ಒಟ್ಟಿಗೆ ಕಂಡರೆ ಮೊದಲು ಅನುಮಾನಿಸಬೇಕಾದದ್ದು ಅಸಲಿನ ಹಂಚಿಕೆಯನ್ನು.

ಬಾಡಿಗೆ ಏರಿದಾಗ ಈ ಅಂತರ ಇನ್ನಷ್ಟು ಹಿಗ್ಗುತ್ತದೆ. 2021ರಲ್ಲಿ ಕಂಟೇನರ್ ಬಾಡಿಗೆ ಹಲವು ಪಟ್ಟು ಏರಿದ್ದನ್ನು ಆಮದು ವ್ಯಾಪಾರದವರು ಮರೆತಿಲ್ಲ. ನಮ್ಮ ಉದಾಹರಣೆಯಲ್ಲಿ ಹಡಗಿನ ಬಾಡಿಗೆ ನಾಲ್ಕು ಪಟ್ಟಾಯಿತು ಎಂದುಕೊಳ್ಳಿ. ಡಬ್ಬಿಯ ಅಸಲಿಗೆ ಸುಮಾರು 135 ರೂಪಾಯಿ ಸೇರುತ್ತದೆ, ಕ್ಯಾಲಿಪರಿಗೆ 21 ಅಥವಾ 22 ಮಾತ್ರ. ಬಾಡಿಗೆ ಕಸ್ಟಮ್ಸ್ ಬೆಲೆಯೊಳಗೂ ಸೇರುವುದರಿಂದ ಅದರ ಮೇಲಿನ ಸುಂಕವೂ ಏರಿರುತ್ತದೆ. ಶೇಕಡಾವಾರು ಏರಿಸುವ ವರ್ತಕರು ಮಾತ್ರ ಎರಡಕ್ಕೂ ಒಂದೇ ಪ್ರಮಾಣದಲ್ಲಿ ಬೆಲೆ ಹೆಚ್ಚಿಸಿ, ಕ್ಯಾಲಿಪರಿನ ಗಿರಾಕಿಯನ್ನೂ ಡಬ್ಬಿಯ ಹಣವನ್ನೂ ಕಳೆದುಕೊಳ್ಳುತ್ತಾರೆ.

ಕಂಪ್ಯೂಟರ್ ಏನು ಮಾಡುತ್ತದೆ

ಲೆಕ್ಕದ ತಂತ್ರಾಂಶಗಳಲ್ಲಿ ಇದಕ್ಕೆ ಜಾಗವಿದೆ, ಆದರೆ ಹಂಚುವ ಅಳತೆಯನ್ನು ನಾವೇ ಆರಿಸಬೇಕು. ಟ್ಯಾಲಿಯಲ್ಲಿ ಖರ್ಚಿನ ಲೆಡ್ಜರಿಗೆ `Appropriate by Qty` ಅಥವಾ `Appropriate by Value` ಎಂದು ಕೊಡಬಹುದು. ಇಆರ್‌ಪಿನೆಕ್ಸ್ಟ್‌ನ `Landed Cost Voucher`ನಲ್ಲಿ ನಗದ ಮೇಲೆ, ಮೊತ್ತದ ಮೇಲೆ ಹಂಚುವುದರ ಜತೆಗೆ `Distribute Manually` ಎಂಬ ಆಯ್ಕೆಯೂ ಇದೆ. ಓಡೂ ತಂತ್ರಾಂಶದಲ್ಲಿ ತೂಕ, ಗಾತ್ರಗಳ ಮೇಲೆ ನೇರವಾಗಿ ಹಂಚಲು `By Weight`, `By Volume` ಇವೆ. ಪ್ರತಿ ಮಾಲಿಗೂ ಅದರ ತೂಕ, ಗಾತ್ರವನ್ನು ಮೊದಲೇ ನಮೂದಿಸಿಟ್ಟಿರಬೇಕು ಅಷ್ಟೆ.

ನಗದ ಮೇಲೆ ಹಂಚುವುದು ನೋಡಲು ನ್ಯಾಯವಾಗಿ ಕಂಡರೂ ಬಗೆಬಗೆಯ ಮಾಲಿರುವಾಗ ಅಪಾಯದ್ದು. ನಮ್ಮ ಎರಡು ಲಕ್ಷವನ್ನು 5,000 ನಗಕ್ಕೆ ಹಂಚಿದರೆ ತಲಾ 40 ರೂಪಾಯಿ. ಅಂಗೈಯಲ್ಲಿ ಹಿಡಿಸುವ ಕ್ಯಾಲಿಪರಿಗೂ 40, ಕಂಕುಳಲ್ಲಿ ಹೊರಬೇಕಾದ ಡಬ್ಬಿಗೂ 40. ಗಾತ್ರದ ಆಯ್ಕೆ ಇಲ್ಲದ ತಂತ್ರಾಂಶದಲ್ಲಿ ಪಾಲನ್ನು ಎಕ್ಸೆಲ್ ಹಾಳೆಯಲ್ಲಿ ಲೆಕ್ಕಹಾಕಿ ಸಾಲುಸಾಲಾಗಿ ಕೈಯಿಂದಲೇ ತುಂಬುವುದು ಸರಿಯಾದ ದಾರಿ. ಸೂತ್ರ ಇಷ್ಟೇ:

```
=ಒಟ್ಟು_ಖರ್ಚು * ಸಾಲಿನ_ಅಳತೆ / ಒಟ್ಟು_ಅಳತೆ
```

ಪೈಸೆಗಳ ಪೂರ್ಣಾಂಕ ಮಾಡುವಾಗ ಒಂದೆರಡು ರೂಪಾಯಿ ಹೆಚ್ಚುಕಡಿಮೆಯಾದರೆ ಅದನ್ನು ಅತಿ ದೊಡ್ಡ ಮೊತ್ತದ ಸಾಲಿಗೆ ಸೇರಿಸಿ, ಒಟ್ಟು ಬಿಲ್ಲಿಗೆ ತಾಳೆ ಮಾಡಿಕೊಳ್ಳಬೇಕು.

ತಡವಾಗಿ ಬರುವ ಬಿಲ್ಲು, ಒಡೆದ ಮಾಲು, ದಂಡ

ಕಾಗದದ ಮೇಲೆ ಇಷ್ಟು ಚೊಕ್ಕಟವಾಗಿ ಕಾಣುವ ಲೆಕ್ಕವನ್ನು ಕೆಡಿಸುವುದು ಸಮಯ. ಮಾಲು ಸೋಮವಾರ ಬಂದರೆ ಯಾರ್ಡಿನ ಬಿಲ್ಲು ಮುಂದಿನ ತಿಂಗಳು ಬರುತ್ತದೆ. ಅಷ್ಟರಲ್ಲಿ ಮಾಲು ಅರ್ಧ ಮಾರಿಹೋಗಿರುತ್ತದೆ. ಅದಕ್ಕೇ ಮಾಲು ಇಳಿದ ದಿನವೇ, ಹಿಂದಿನ ಕಂಟೇನರಿನ ಅನುಭವದ ಮೇಲೆ ಬಾರದ ಬಿಲ್ಲುಗಳಿಗೂ ಅಂದಾಜು ಮೊತ್ತ ಸೇರಿಸಿ ಅಸಲು ಕಟ್ಟುವುದು ಒಳ್ಳೆಯ ಪದ್ಧತಿ.

ಅಂದಾಜಿಗಿಂತ 25,000 ಹೆಚ್ಚು ಬಂತೆನ್ನಿ. ಘನ ಮೀಟರಿಗೆ 1,000ದಂತೆ ಡಬ್ಬಿಗಳ ಪಾಲಿಗೆ 20,000, ಒಂದಕ್ಕೆ 10 ರೂಪಾಯಿ. ಆಗಲೇ 1,200 ಡಬ್ಬಿ ಮಾರಿಹೋಗಿದ್ದರೆ 12,000 ರೂಪಾಯಿ ಮಾರಿದ ಮಾಲಿನ ಖರ್ಚಿಗೆ ಹೋಗಬೇಕು, ಉಳಿದ 800ರ ಪಾಲಿನ 8,000 ಮಾತ್ರ ದಾಸ್ತಾನಿಗೆ. ಪೂರ್ತಿ ಇಪ್ಪತ್ತು ಸಾವಿರವನ್ನೂ ಉಳಿದ ಡಬ್ಬಿಗಳ ಮೇಲೆ ಹೇರಿದರೆ ಅವುಗಳ ಅಸಲು ಇಲ್ಲದ ಏರಿಕೆ ಕಾಣುತ್ತದೆ.

ದಾರಿಯಲ್ಲಿ ಒಡೆಯುವ ಮಾಲಿನದು ಇನ್ನೊಂದು ಕಥೆ. 2,000 ಡಬ್ಬಿಯಲ್ಲಿ 40 ಒಡೆದು ಬಂದವು, ಪ್ರತಿ ಸಲವೂ ಸುಮಾರು ಇಷ್ಟು ಒಡೆಯುವುದು ಮಾಮೂಲು ಎಂದಾದರೆ, ಒಟ್ಟು ಖರ್ಚನ್ನು ಉಳಿದ 1,960ರಿಂದ ಭಾಗಿಸಬೇಕು. ಅಸಲು 346ರಿಂದ 353ಕ್ಕೆ ಏರುತ್ತದೆ. ಕಂಟೇನರಿಗೆ ನೀರು ನುಗ್ಗಿ ಐನೂರು ಹಾಳಾದರೆ ಅದು ಮಾಮೂಲಲ್ಲ. ಅದನ್ನು ನಷ್ಟದ ಖಾತೆಗೆ ಬರೆದು ವಿಮೆ ಕಂಪನಿಯ ಬಾಗಿಲು ತಟ್ಟಬೇಕು, ಉಳಿದ ಮಾಲಿನ ಅಸಲಿಗೆ ಸೇರಿಸಬಾರದು.

ಕಾಗದಪತ್ರ ತಡವಾಗಿ ಕಂಟೇನರ್ ಬಂದರಿನಲ್ಲೇ ಉಳಿದರೆ ಬೀಳುವ ಡೆಮರೇಜಿಗೂ ಇದೇ ನಿಯಮ. ಡಬ್ಬಿಯನ್ನು ಬೆಂಗಳೂರಿಗೆ ತರಲು ಆ ಹಣ ಬೇಕಿರಲಿಲ್ಲ. ಯಾರದೋ ವಿಳಂಬಕ್ಕೆ ತೆತ್ತ ದಂಡ ಅದು. ಮಾಲಿನ ಅಸಲಿನಲ್ಲಿ ಅಡಗಿಸಿದರೆ ಮುಂದಿನ ಸಲವೂ ಅದೇ ವಿಳಂಬ ಯಾರ ಕಣ್ಣಿಗೂ ಬೀಳದೆ ನಡೆದುಹೋಗುತ್ತದೆ. ಡಾಲರಿನ ವಿಷಯವೂ ಹೀಗೆಯೇ. ಕಸ್ಟಮ್ಸ್ ತಾನು ಪ್ರಕಟಿಸಿದ ದರದಲ್ಲಿ ಸುಂಕ ಲೆಕ್ಕಹಾಕುತ್ತದೆ, ಬ್ಯಾಂಕು ಪಾವತಿಯ ದಿನದ ದರ ಹಿಡಿಯುತ್ತದೆ. ಖರೀದಿಯನ್ನು ಪುಸ್ತಕಕ್ಕೆ ಬರೆದ ಮೇಲೆ ಡಾಲರು ಏರಿಳಿದು ಬರುವ ವ್ಯತ್ಯಾಸ ವಿನಿಮಯದ ಲಾಭನಷ್ಟದ ಖಾತೆಗೆ ಹೋಗಬೇಕೇ ಹೊರತು ಸ್ಪ್ಯಾನರಿನ ಬೆಲೆಗಲ್ಲ.

ಮಾರಾಟಗಾರರೇ ಬಾಡಿಗೆ ಸೇರಿಸಿ ಸಿಐಎಫ್ ಬೆಲೆ ಹೇಳಿದಾಗ ಎಚ್ಚರ ಬೇಕು. ಎಲ್‌ಸಿಎಲ್ ಮಾಲಿನಲ್ಲಿ ಅವರು ಹೇಳುವ ಬಾಡಿಗೆ ಅಚ್ಚರಿಯಷ್ಟು ಕಡಿಮೆ ಇರುವುದುಂಟು. ಮಾಲು ಬಂದಿಳಿದ ಮೇಲೆ ಇಲ್ಲಿನ ಏಜೆಂಟರ ಸ್ಥಳೀಯ ಶುಲ್ಕದಲ್ಲಿ ಅದೆಲ್ಲ ವಸೂಲಾಗುತ್ತದೆ. ಹಾಗಾಗಿ ಎರಡು ಕೊಟೇಶನ್‌ಗಳನ್ನು ಹೋಲಿಸುವಾಗ ಬಾಡಿಗೆಯ ಸಾಲನ್ನಷ್ಟೇ ನೋಡದೆ, ಗೋದಾಮಿನ ಬಾಗಿಲವರೆಗಿನ ಮೊತ್ತವನ್ನು ಬರೆಸಿಕೊಂಡು ಹೋಲಿಸಬೇಕು.

ಇಷ್ಟೆಲ್ಲ ಬೇಕೇ?

ಪ್ರತಿ ಕಂಟೇನರಿಗೂ ಬೇಕಿಲ್ಲ. ಇದನ್ನು ತೀರ್ಮಾನಿಸಲು ಒಂದು ಸಣ್ಣ ಪರೀಕ್ಷೆ ಸಾಕು. ಪ್ರತಿ ಸಾಲಿನ ಬೆಲೆಯನ್ನು ಅದು ಹಿಡಿಸುವ ಘನ ಮೀಟರಿನಿಂದ ಭಾಗಿಸಿ ನೋಡುವುದು. ಸ್ಪ್ಯಾನರ್ ಘನ ಮೀಟರಿಗೆ 2,70,000 ರೂಪಾಯಿಯ ಮಾಲು, ಕ್ಯಾಲಿಪರ್ 7,20,000. ಡಬ್ಬಿ 22,500 ಮಾತ್ರ. ಘನ ಮೀಟರಿಗೆ 8,000 ಸಾಗಣೆ ಖರ್ಚು ಎಂದರೆ ಅದು ಸ್ಪ್ಯಾನರಿನ ಬೆಲೆಯ ಶೇ. 3, ಕ್ಯಾಲಿಪರಿನ ಶೇ. 1, ಡಬ್ಬಿಯ ಶೇ. 36. ಹೀಗೆ ಅಂಕಿಗಳು ದೂರದೂರ ಇದ್ದರೆ ಜಾಗದ ಮೇಲೆ ಹಂಚದೆ ಗತಿಯಿಲ್ಲ. ಎಲ್ಲ ಸಾಲುಗಳೂ ಒಂದಕ್ಕೊಂದು ಹತ್ತಿರವಿದ್ದು, ಸುಂಕದ ದರವೂ ಒಂದೇ ಆಗಿದ್ದರೆ ಬೆಲೆಯ ಮೇಲೆ ಹಂಚಿ ನೆಮ್ಮದಿಯಾಗಿರಬಹುದು. ಈ ಪರೀಕ್ಷೆಯನ್ನು ಆರ್ಡರ್ ಕೊಡುವ ಮೊದಲೇ, ಮಾರಾಟಗಾರರ ಕೊಟೇಶನ್ ಮುಂದಿಟ್ಟುಕೊಂಡೇ ಮಾಡಬಹುದು.

ಡಬ್ಬಿಯ ಅಸಲು 346 ಎಂದು ತಿಳಿದ ವರ್ತಕರಿಗೆ ಮೊದಲು ಹೊಳೆಯುವುದು ಅದನ್ನು ತರಿಸುವುದೇ ಬೇಡ ಎಂಬ ಯೋಚನೆ. ಪೀಣ್ಯದಲ್ಲಿ ಪ್ಲಾಸ್ಟಿಕ್ ಮೋಲ್ಡಿಂಗ್ ಮಾಡುವವರು 310ಕ್ಕೆ ಮಾಡಿಕೊಡುತ್ತೇವೆ ಎಂದರೆ 36 ರೂಪಾಯಿ ಉಳಿಯಿತಲ್ಲ? ಅವಸರ ಬೇಡ. ಡಬ್ಬಿಗಳ ತಲೆಗೆ ಹಾಕಿದ ಒಂದು ಲಕ್ಷದ ಅರುವತ್ತು ಸಾವಿರ, ಅವು ಬಾರದಿದ್ದರೆ ಪೂರ್ತಿ ಉಳಿಯುವುದಿಲ್ಲ. ಅದೇ ಕಂಟೇನರನ್ನು ಬಾಡಿಗೆಗೆ ತೆಗೆದುಕೊಂಡರೆ ಬಾಡಿಗೆ ಅಷ್ಟೇ ಬೀಳುತ್ತದೆ, ಒಳಗೆ ಸ್ಪ್ಯಾನರೂ ಕ್ಯಾಲಿಪರೂ ಸೇರಿ 5 ಘನ ಮೀಟರ್ ಮಾತ್ರ ಇರುತ್ತದೆ, ಆ ಎರಡೇ ಪೂರ್ತಿ ಹೊರೆ ಹೊರುತ್ತವೆ. ಎಲ್‌ಸಿಎಲ್‌ನಲ್ಲಿ ತರಿಸಿದರೆ ಜಾಗ 5 ಘನ ಮೀಟರ್ ಆದರೂ ತೂಕ ಐದೂವರೆ ಟನ್, ಬಾಡಿಗೆ ಐದೂವರೆಗೆ ಬೀಳುತ್ತದೆ. ಡಬ್ಬಿಯ ಜಾಗಕ್ಕೆ ಬೆಲೆಬಾಳುವ ಬೇರೆ ಮಾಲು ತುಂಬಲು ಸಾಧ್ಯವೇ ಎಂಬುದು ಮತ್ತೊಂದು ಪ್ರಶ್ನೆ. ಖಾಲಿ ಡಬ್ಬಿಗಳೊಳಗೇ ಸ್ಪ್ಯಾನರ್ ಸೆಟ್ ಇಟ್ಟು ಕಳಿಸಿ ಎಂದು ಕೇಳಿದರೆ 4 ಘನ ಮೀಟರ್ ಮಿಗಬಹುದು.

ಹಂಚಿಕೆಯ ಲೆಕ್ಕ ಬಂದ ಮಾಲು ಎಷ್ಟಕ್ಕೆ ಬಿತ್ತು ಎಂಬುದನ್ನು ಹೇಳುತ್ತದೆ. ಮಾರುವ ಬೆಲೆ ಕಟ್ಟಲು, ದಾಸ್ತಾನಿಗೆ ಮೌಲ್ಯ ಹಾಕಲು ಅದೇ ಸರಿ. ತರಿಸದಿದ್ದರೆ ಎಷ್ಟು ಉಳಿಯುತ್ತಿತ್ತು ಎಂಬುದನ್ನು ಅದು ಹೇಳುವುದಿಲ್ಲ. ಅದಕ್ಕೆ ಡಬ್ಬಿಯಿರುವ ಕಂಟೇನರಿನ ಪೂರ್ತಿ ಖರ್ಚನ್ನೂ ಡಬ್ಬಿಯಿಲ್ಲದೆ ತರಿಸುವ ಪೂರ್ತಿ ಖರ್ಚನ್ನೂ ಅಕ್ಕಪಕ್ಕ ಬರೆದು, ಎರಡರ ವ್ಯತ್ಯಾಸವನ್ನು ಪೀಣ್ಯದ 310 ರೂಪಾಯಿಯ ಎದುರು ಇಟ್ಟು ನೋಡಬೇಕು. ಅಲ್ಲಿಯವರೆಗೆ, ಗೋದಾಮಿನಲ್ಲಿರುವ ಡಬ್ಬಿಯ ಮೇಲಿನ 340ರ ಚೀಟಿಯನ್ನಂತೂ ಇವತ್ತೇ ಬದಲಿಸಬೇಕು.